ನಗುವಿನ ನಡುವೆ ಭಾವ ಹೇಳಿದ ಮಾತು ನನಗೆ ಕೇಳಿಸಲಿಲ್ಲ. ಈಗ ಅದನ್ನು ಮತ್ತೆ ಹೇಗೆ ಎತ್ತಲಿ?

ಅಂಗಳದ ಅಡಕೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ತಿಳಿದವರು ದಾರಿ ತೋರಿಸಬೇಕು.

ಚಿಕ್ಕಪ್ಪನ ಮನೆಯಲ್ಲಿ ಪೂಜೆಯಿತ್ತು. ಊಟದ ಪಂಕ್ತಿಯಲ್ಲಿ ನಾನೂ ನನ್ನ ಅಕ್ಕನ ಗಂಡನೂ ಪಕ್ಕಪಕ್ಕದಲ್ಲಿ ಕುಳಿತಿದ್ದೆವು. ಹೋಳಿಗೆಯನ್ನು ಎರಡಾಗಿ ಮಡಚಿ ಒಂದೇ ತುತ್ತಿಗೆ ಮುಗಿಸುತ್ತಿದ್ದ ಮನುಷ್ಯ ಅಂದು ಅದನ್ನು ಉಗುರಿನಷ್ಟು ಚಿಕ್ಕ ಚೂರು ಮಾಡಿ ತಿನ್ನುತ್ತಿದ್ದರು, ಮೆಣಸ್ಕಾಯಿಯನ್ನು ಎಲೆಯ ಬದಿಗೆ ಸರಿಸಿದ್ದರು. ಮದುಮಗಳ ಹಾಗೆ ಊಟ ಮಾಡುತ್ತೀರಲ್ಲ ಎಂದು ಎದುರು ಪಂಕ್ತಿಯವರು ಆಗಲೇ ಛೇಡಿಸಿದ್ದರು.

ಊಟವಾದ ಮೇಲೆ ಚಾವಡಿಯಲ್ಲಿ ಎಲೆ ಅಡಕೆಯ ಹರಿವಾಣದ ಸುತ್ತ ಏಳೆಂಟು ಮಂದಿ ಕುಳಿತೆವು. ಭಾವಂದಿರ ನಡುವಿನ ತಮಾಷೆಗೆ ನಮ್ಮಲ್ಲಿ ಲಂಗುಲಗಾಮಿಲ್ಲವೆಂದು ನಿಮಗೆಲ್ಲ ಗೊತ್ತಿದೆ. "ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಭಾವ ಅಕ್ಕನ ಎದುರು ಬಾಯಿ ತೆರೆಯುವುದನ್ನೇ ನಿಲ್ಲಿಸಿದ್ದಾರೆ" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಅಡಕತ್ತರಿಯಲ್ಲಿ ಹೋಳು ಮಾಡುತ್ತಾ, ತಲೆ ಎತ್ತದೆ, "ಇಲ್ಲ ಭಾವ, ನಿಜವಾಗಿಯೂ ತೆರೆಯುವುದಿಲ್ಲ. ಮೂರು ತಿಂಗಳಾಯಿತು. ಖಾರ ತಾಗಿದರೆ ಉರಿ" ಎಂದರು. ನಾನು ತಡಮಾಡದೆ "ಹಾಗಾದರೆ ಅಕ್ಕನ ಹರಕೆ ಫಲಿಸಿತು" ಎಂದುಬಿಟ್ಟೆ. ಮತ್ತೊಮ್ಮೆ ನಗು ಎದ್ದಿತು. ಅವರೂ ನಕ್ಕರು, ಆದರೆ ಕೊಂಚ ತಡವಾಗಿ ನಕ್ಕರು, ಮತ್ತು ಕತ್ತರಿಸಿದ ಹೋಳನ್ನು ಬಾಯಿಗೆ ಹಾಕಿಕೊಳ್ಳದೆ ಹರಿವಾಣಕ್ಕೇ ಹಾಕಿ, ಈ ವರ್ಷದ ಕೊಳೆರೋಗದ ಮಾತು ತೆಗೆದರು.

ಬೈಕಿನಲ್ಲಿ ಮನೆಗೆ ಹಿಂದಿರುಗುವಾಗ ನೀರ್ಚಾಲು ದಾಟುತ್ತಿದ್ದಂತೆ, ಅವರು ಹೇಳಿದ್ದು ತಮಾಷೆಯ ಉತ್ತರವಾಗಿರಲಿಲ್ಲವೆಂದು ನನಗೆ ಹೊಳೆಯಿತು. ಅಂದಿನಿಂದ ಮೂರು ಸಲ ಫೋನಿನಲ್ಲಿ ಮಾತನಾಡಿದ್ದೇವೆ, ಮೂರು ಸಲವೂ ಮಳೆ, ತೋಟ, ಮಕ್ಕಳ ಪರೀಕ್ಷೆ ಎಂದಷ್ಟೇ ಮುಗಿಯಿತು. ಅಕ್ಕನಿಗೆ ಈ ವಿಷಯ ಗೊತ್ತಿದೆಯೋ ಇಲ್ಲವೋ ತಿಳಿಯದು. ಆ ಕ್ಷಣದಲ್ಲಿ ನಾನು ಏನನ್ನು ಗಮನಿಸಬೇಕಿತ್ತು? ಹತ್ತು ದಿನಗಳ ಮೇಲೆ ಅದನ್ನು ಎತ್ತುವುದು ಹೇಗೆ?

ಕುಂಬಳೆ ಗಾಳಿ

ಇದನ್ನು ಓದಿ ಮುಗಿಸಿದ ಕೂಡಲೇ ಅವರ ಮನೆಗೆ ಹೋಗಿ. ಫೋನು ಬೇಡ.

ಪೆರ್ಲದ ಮೇಷ್ಟ್ರು

ನೀವು ಇಷ್ಟೊಂದು ನೊಂದುಕೊಳ್ಳುವ ಅಗತ್ಯವಿಲ್ಲ. ಮಾತು ಆರೋಗ್ಯದ ಕಡೆಗೆ ಹೊರಳಿದೊಡನೆ ನಗುವನ್ನು ಸಂಪೂರ್ಣ ನಿಲ್ಲಿಸಿ ಗಂಭೀರರಾಗಬೇಕು ಮತ್ತು ರೋಗಿಗೆ ಧೈರ್ಯ ತುಂಬಬೇಕು. ಇವೆರಡನ್ನು ಪಾಲಿಸಿದರೆ ಸಾಕು. ಈಗಲೂ ತಡವಾಗಿಲ್ಲ. "ಏನೂ ಆಗುವುದಿಲ್ಲ ಭಾವ, ಉಷ್ಣದಿಂದ ಹುಣ್ಣಾಗಿರಬೇಕು, ಮಜ್ಜಿಗೆ ಕುಡಿಯಿರಿ, ವಿಟಮಿನ್ ಗುಳಿಗೆ ನುಂಗಿ" ಎಂದು ಹೇಳಿದರೆ ಅವರ ಅರ್ಧ ಭಾರ ಇಳಿಯುತ್ತದೆ. ನಿಮ್ಮ ಭಾವ ಹೊಗೆಸೊಪ್ಪು ತಿನ್ನುವವರಲ್ಲವಾದರೆ ಭಯಪಡಲು ಕಾರಣವೇ ಇಲ್ಲ. ನಮ್ಮ ಹಿರಿಯರೆಲ್ಲ ಬರಿಯ ಎಲೆ ಅಡಕೆ ಸುಣ್ಣ ತಿಂದು ತೊಂಬತ್ತು ವರ್ಷ ಬದುಕಲಿಲ್ಲವೇ?

ಉಪ್ಪಳದ ದಂತವೈದ್ಯೆ

ಮೇಷ್ಟ್ರೇ, ನಗುವನ್ನು ನಿಲ್ಲಿಸಬೇಕೆಂಬ ನಿಮ್ಮ ಮೊದಲ ಮಾತನ್ನು ಒಪ್ಪುತ್ತೇನೆ, ಆದರೆ ಉಳಿದದ್ದನ್ನು ಗೌರವದಿಂದಲೇ ತಿದ್ದಬೇಕಾಗಿದೆ. ಬಾಯಿ ತೆರೆಯುವುದು ತಿಂಗಳುಗಟ್ಟಲೆ ಕಡಿಮೆಯಾಗುತ್ತಾ ಬಂದು ಅದರ ಜೊತೆಗೆ ಖಾರಕ್ಕೆ ಉರಿ ಇದೆಯೆಂದರೆ ಅದು ಉಷ್ಣದ ಹುಣ್ಣಿನ ಲಕ್ಷಣವಲ್ಲ. ಕೆನ್ನೆಯ ಒಳಪದರ ಮೆತ್ತಗಿರುವುದನ್ನು ಬಿಟ್ಟು ಬೆಳ್ಳಗಾಗಿ, ಹಗ್ಗದ ಹಾಗೆ ಬಿಗಿಯುತ್ತಾ ಹೋಗುವ ಒಂದು ತೊಂದರೆಯಿದೆ, ನಾವು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಅದಕ್ಕೆ ಮುಖ್ಯ ಕಾರಣ ಅಡಕೆಯೇ. ಹೊಗೆಸೊಪ್ಪು ಇಲ್ಲದಿದ್ದರೂ ಅದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಕೆಯನ್ನೇ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ಬಾಯಿ ಬಿಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆಯೇ ಎಂದರೆ ಇಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಕೆಲವರಿಗೆ ಬರುತ್ತದೆ, ಮತ್ತು ಯಾರಿಗೆ ಬರುತ್ತದೆಂದು ಚಾವಡಿಯಲ್ಲಿ ಕುಳಿತು ಯಾರಿಂದಲೂ ಹೇಳಲಾಗದು. ಆದುದರಿಂದ "ಏನೂ ಆಗುವುದಿಲ್ಲ" ಎಂಬುದು ನಿಮಗಾಗಲಿ ನನಗಾಗಲಿ ಹೇಳಲು ಹಕ್ಕಿಲ್ಲದ ಮಾತು.

ಆ ಮಾತಿಗೆ ಇನ್ನೊಂದು ದೋಷವೂ ಇದೆ. ಮನುಷ್ಯ ಮೂರು ತಿಂಗಳು ಒಳಗೇ ಇಟ್ಟುಕೊಂಡದ್ದನ್ನು ಕೊನೆಗೊಮ್ಮೆ ಹೊರಗೆ ಹಾಕಿದಾಗ, "ಏನೂ ಇಲ್ಲ" ಎಂಬ ಉತ್ತರ ಬಂದರೆ ಮುಂದೆ ಅವನಿಗೆ ಹೇಳಲು ಏನೂ ಉಳಿಯುವುದಿಲ್ಲ. ತಮಾಷೆಯಿಂದ ಮುಚ್ಚಿದರೂ ಧೈರ್ಯದ ಮಾತಿನಿಂದ ಮುಚ್ಚಿದರೂ ಬಾಗಿಲು ಮುಚ್ಚಿದ ಹಾಗೆಯೇ.

ಇನ್ನು ಆ ಕ್ಷಣದಲ್ಲಿ ಗಮನಿಸಬೇಕಾಗಿದ್ದುದು ಏನೆಂಬ ಪ್ರಶ್ನೆ. ನನ್ನ ಕುರ್ಚಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ಮೊದಲು ತಮಾಷೆಯನ್ನೇ ಮಾಡುತ್ತಾರೆ. ಅದು ತಮಾಷೆಯೋ ಅಳುಕೋ ಎಂದು ತಿಳಿಯಲು ನಾನು ಒಂದೇ ಒಂದು ಗುರುತನ್ನು ನೆಚ್ಚಿಕೊಂಡಿದ್ದೇನೆ: ಹಾಸ್ಯದ ಮಾತಿಗೆ ದಿನಗಳ ಲೆಕ್ಕ ಇರುವುದಿಲ್ಲ. "ಬಾಯಿ ತೆರೆಯುವುದಿಲ್ಲ" ಎಂಬುದು ಹಾಸ್ಯವಾಗಿರಬಹುದು, "ಮೂರು ತಿಂಗಳಾಯಿತು" ಎಂಬುದು ಹಾಸ್ಯವಲ್ಲ. ಯಾರಾದರೂ ಎಣಿಸಿಟ್ಟುಕೊಂಡಿದ್ದಾರೆಂದರೆ ಅವರು ಹೆದರಿದ್ದಾರೆಂದೇ ಅರ್ಥ. ನಿಮ್ಮ ಭಾವ "ನಿಜವಾಗಿಯೂ" ಎಂಬ ಶಬ್ದವನ್ನೂ ಸೇರಿಸಿದರು, ತಲೆಯನ್ನು ಎತ್ತಲಿಲ್ಲ, ಮತ್ತು ಎಲ್ಲರಿಗಲ್ಲ, ನಿಮಗೊಬ್ಬರಿಗೇ "ಭಾವ" ಎಂದು ಕರೆದು ಹೇಳಿದರು. ಅಲ್ಲಿ ನೀವು ಏನೂ ದೊಡ್ಡದನ್ನು ಮಾಡಬೇಕಾಗಿರಲಿಲ್ಲ. ಮುಂದಿನ ತಮಾಷೆಯನ್ನು ನುಂಗಿಕೊಂಡು, ಎರಡು ಉಸಿರಿನಷ್ಟು ಸುಮ್ಮನಿದ್ದು, ತಗ್ಗಿದ ದನಿಯಲ್ಲಿ "ಮೂರು ತಿಂಗಳೇ?" ಎಂದು ಅವರದೇ ಮಾತನ್ನು ಹಿಂದಿರುಗಿಸಿದ್ದರೆ ಸಾಕಿತ್ತು. ಏಳು ಮಂದಿಯ ಎದುರು ಅದಕ್ಕಿಂತ ಹೆಚ್ಚು ಕೇಳುವುದೂ ತಪ್ಪಾಗುತ್ತಿತ್ತು. ಉಳಿದದ್ದನ್ನು ಕೈ ತೊಳೆಯಲು ಬಚ್ಚಲ ಕಡೆಗೆ ಹೋಗುವಾಗ ಕೇಳಬಹುದಿತ್ತು.

ತೋಟದ ಮನೆ, ಮುಳ್ಳೇರಿಯ

ಇಲ್ಲಿಯೂ ಅಡಕೆಯನ್ನು ದೂರುವುದಕ್ಕೆ ಆರಂಭಿಸಿದಿರಾ? ಹಳದಿರೋಗ, ಎಲೆಚುಕ್ಕಿ ರೋಗ, ಕೊಳೆರೋಗಗಳ ನಡುವೆ ನಾವು ಹೇಗೆ ಬದುಕುತ್ತಿದ್ದೇವೆಂದು ಆ ವರದಿ ಬರೆದವರಿಗೆ ಗೊತ್ತಿಲ್ಲ. ಈ ಚರ್ಚೆಯನ್ನು ಯಾರಾದರೂ ಓದಿ ಅಡಕೆ ನಿಷೇಧಿಸಬೇಕೆಂದು ಹೇಳಿದರೆ ನಮ್ಮ ಗತಿಯೇನು? ಕೇಳಿದ ಪ್ರಶ್ನೆಗೆ ಅಡಕೆ ತಿನ್ನಬಾರದೆಂಬ ಉತ್ತರ ಹೊಂದುವುದಿಲ್ಲ.

ಉಪ್ಪಳದ ದಂತವೈದ್ಯೆ

ನನ್ನ ತಂದೆಯದೂ ಅಡಕೆ ತೋಟವೇ, ನನ್ನ ಓದಿನ ಹಣ ಬಂದದ್ದೂ ಅದರಿಂದಲೇ. ನಾನು ಬೆಳೆಯುವವರ ವಿಷಯ ಹೇಳುತ್ತಿಲ್ಲ, ಬಾಯಿ ಬಿಗಿದ ಒಬ್ಬರ ವಿಷಯ ಹೇಳುತ್ತಿದ್ದೇನೆ. ಆದರೆ ನಿಮ್ಮ ಮಾತಿನಿಂದ ನನಗೊಂದು ಸಂಗತಿ ಹೊಳೆಯಿತು. ಅಡಕೆ ಬೆಳೆಯುವ ಮನೆಯಲ್ಲಿ ಈ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದು ಎರಡು ಪಟ್ಟು ಕಷ್ಟ, ಏಕೆಂದರೆ ತನ್ನ ಅನ್ನವನ್ನೇ ದೂರಿದ ಹಾಗಾಗುತ್ತದೆ. ಆ ಭಾವನವರು ತಮಾಷೆಯ ಮರೆಯಲ್ಲಿ ಹೇಳಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಚಂದ್ರಗಿರಿ ದಡ

ನನ್ನದೊಂದು ಅನುಭವವನ್ನು ಹೇಳಬೇಕೆನಿಸುತ್ತಿದೆ. ನನ್ನ ತಂದೆಗೆ ಮಲಯಾಳ ಅಷ್ಟಾಗಿ ಬರುತ್ತಿರಲಿಲ್ಲ, ಕನ್ನಡ ಮತ್ತು ತುಳು ಮಾತ್ರ. ಆರು ವರ್ಷಗಳ ಹಿಂದೆ ಅವರನ್ನು ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೆ, ನಡುವೆ ದುಭಾಷಿ ನಾನೇ. ಎಷ್ಟು ವರ್ಷದಿಂದ ಎಲೆ ಅಡಕೆ ತಿನ್ನುತ್ತೀರೆಂದು ವೈದ್ಯರು ಮಲಯಾಳದಲ್ಲಿ ಕೇಳಿದರು. "ಮದುವೆಯಾದ ದಿನದಿಂದ, ಇನ್ಯಾವ ಸುಖವೂ ಇರಲಿಲ್ಲ" ಎಂದು ಅಪ್ಪ ಹೇಳಿದರು. ನಾನು ಅದನ್ನು ಹಾಗೆಯೇ ಮಲಯಾಳಕ್ಕೆ ತಿರುಗಿಸಿದೆ, ವೈದ್ಯರು ನಕ್ಕರು, ದಾದಿ ನಕ್ಕಳು, ನಾನೂ ನಕ್ಕೆ. ಆ ನಗುವಿನ ಕೊನೆಯಲ್ಲಿ ಅಪ್ಪ ಸಣ್ಣ ದನಿಯಲ್ಲಿ "ಈಗೀಗ ಎಲೆ ತಿನ್ನದೆ ಇದ್ದರೂ ಉಗುಳು ಕೆಂಪು ಬರುತ್ತದೆ" ಎಂದರು. ನಾನು ಅದನ್ನು ತಿರುಗಿಸಲಿಲ್ಲ. ಎಲೆ ತಿನ್ನುವವರ ಉಗುಳು ಕೆಂಪಲ್ಲದೆ ಇನ್ನೇನು ಎಂದು ನನ್ನ ಮನಸ್ಸು ಅದನ್ನು ಹಿಂದಿನ ತಮಾಷೆಗೇ ಸೇರಿಸಿಬಿಟ್ಟಿತು. "ತಿನ್ನದೆ ಇದ್ದರೂ" ಎಂಬ ಶಬ್ದ ಕಿವಿಗೆ ಬಿದ್ದಿತ್ತು, ಒಳಗೆ ಇಳಿಯಲಿಲ್ಲ. ವೈದ್ಯರು ಒಂದು ಮುಲಾಮು ಬರೆದುಕೊಟ್ಟರು. ಎರಡನೆಯ ಸಲ ಹೋಗಿ ನಾಲಿಗೆಯ ಅಡಿಯ ಹುಣ್ಣನ್ನು ಕಂಡುಹಿಡಿಯುವಾಗ ನಾಲ್ಕು ತಿಂಗಳು ಕಳೆದಿತ್ತು.

ಅಪ್ಪ ಈಗಿಲ್ಲ. ವೈದ್ಯರ ಮೇಲೆ ನನಗೆ ದೂರಿಲ್ಲ, ಅವರಿಗೆ ಆ ಮಾತು ತಲಪಲೇ ಇಲ್ಲವಲ್ಲ. ಕನ್ನಡದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ಗಡಿನಾಡಿನ ಮಕ್ಕಳಿಗೆಲ್ಲ ನನ್ನ ಬೇಡಿಕೆ ಇಷ್ಟೇ: ನಗು ಮುಗಿದ ಮೇಲೆ ಬರುವ ಸಣ್ಣ ದನಿಯ ಮಾತನ್ನೇ ಮೊದಲು ತಿರುಗಿಸಿ ಹೇಳಿರಿ.

ಕುಂಬಳೆ ಗಾಳಿ

ಓದಿ ಗಂಟಲು ಕಟ್ಟಿತು.

ಮಂಜೇಶ್ವರದ ಅಕ್ಕ

ಎಲ್ಲರೂ ನಗುವನ್ನು ನಿಲ್ಲಿಸುವ ಮಾತನ್ನೇ ಆಡುತ್ತಿದ್ದೀರಿ. ನಾನು ಅದರ ಇನ್ನೊಂದು ಬದಿಯಿಂದ ಬಂದವಳು.

ಮೂರು ವರ್ಷದ ಕೆಳಗೆ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನಾದಿನಿಯೊಡನೆ ಅಡುಗೆಮನೆಯಲ್ಲಿ ಹಲಸಿನಕಾಯಿ ಬಿಡಿಸುತ್ತಾ, ನನ್ನ ಹಳೆಯ ರವಿಕೆಗಳು ಬಿಗಿಯಾದುದರ ಬಗ್ಗೆ ನಗಾಡುತ್ತಿದ್ದಾಗಲೇ ಅದನ್ನು ಹೇಳಿದೆ. ಅವಳು ಸರಿಯಾಗಿಯೇ ನಡೆದುಕೊಂಡಳು. ಕತ್ತಿಯನ್ನು ಕೆಳಗಿಟ್ಟಳು, ಕೈಯ ಮೇಣವನ್ನು ಎಣ್ಣೆಯಿಂದ ಒರೆಸಿಕೊಂಡಳು, ನನ್ನ ಕಡೆಗೆ ತಿರುಗಿ ಕುಳಿತು "ಯಾವಾಗ ನೋಡಿದ್ದು ಅತ್ತಿಗೆ?" ಎಂದಳು. ಅಷ್ಟೇ ಕೇಳಿದಳು. ನಾನು ಹತ್ತು ನಿಮಿಷ ಮಾತನಾಡಿದೆ, ಅವಳು ತನಗೆ ಗೊತ್ತಿದ್ದ ಯಾರ ಕತೆಯನ್ನೂ ಹೇಳಲಿಲ್ಲ. ಮರುದಿನವೇ ಇಬ್ಬರೂ ಹೋಗಿ ತೋರಿಸಿದೆವು. ಸೂಜಿಯಿಂದ ತೆಗೆದು ಪರೀಕ್ಷಿಸಿದರು, ಅಪಾಯದ ಗಂಟಲ್ಲವೆಂದು ಗೊತ್ತಾಯಿತು.

ಆದರೆ ಆ ನಡುವಿನ ಒಂದು ವಾರ ಮನೆಯವರೆಲ್ಲ ನನ್ನೊಡನೆ ಸಾವಿನ ಮನೆಯ ದನಿಯಲ್ಲಿ ಮಾತನಾಡಿದರು. ಯಾವಾಗಲೂ ನನ್ನ ಕಾಲೆಳೆಯುತ್ತಿದ್ದ ಮೈದುನ ಎದುರು ಬಂದಾಗ ಕಣ್ಣು ತಪ್ಪಿಸಿದ. ಗಂಟಿಗಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಆ ಮೌನ. ನಾನೇ ಒಂದು ತಮಾಷೆ ಮಾಡಿದಾಗಲೂ ಯಾರೂ ನಗಲಿಲ್ಲ, ನಾದಿನಿಯೊಬ್ಬಳು ನಕ್ಕಳು. ಆದ್ದರಿಂದ, ಮೇಷ್ಟ್ರೇ, ಸಂಪೂರ್ಣ ಗಂಭೀರರಾಗಬೇಕೆಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಭಯ ಯಾರದೋ, ಮೊದಲ ತಮಾಷೆಯ ಹಕ್ಕೂ ಅವರದೇ. ಅವರು ನಗಿಸಿದರೆ ನಗಬೇಕು, ಆದರೆ ಅದರ ಮೇಲೆ ಇನ್ನೊಂದು ತಮಾಷೆಯನ್ನು ಪೇರಿಸಬಾರದು.

ಪೆರ್ಲದ ಮೇಷ್ಟ್ರು

ನಗುವಿನ ವಿಷಯದಲ್ಲಿ ನನ್ನ ಮಾತು ಬಿಗಿಯಾಯಿತೆಂದು ಒಪ್ಪುತ್ತೇನೆ. ಚಂದ್ರಗಿರಿಯವರ ಬರಹವನ್ನು ಓದಿದ ಮೇಲೆ ಮಜ್ಜಿಗೆಯ ಸಲಹೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಧೈರ್ಯ ಹೇಳುವುದು ತಪ್ಪೆಂಬುದನ್ನು ನಾನಿನ್ನೂ ಒಪ್ಪಲಾರೆ. ಹೆದರಿದವನ ಎದುರು ಬಾಯಿ ಕಟ್ಟಿದ ಹಾಗೆ ಕುಳಿತಿರುವುದು ಮನುಷ್ಯತ್ವವೇ?

ತಾಳಮದ್ದಳೆ ಪ್ರಿಯ, ಮಧೂರು

ಮೇಷ್ಟ್ರಿಗೆ ನಮ್ಮ ಆಟದಿಂದಲೇ ಒಂದು ಮಾತು ಹೇಳುತ್ತೇನೆ. ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಾಸ್ಯಗಾರ ರಂಗದಿಂದ ಸರಿದು ದುಃಖದ ಸನ್ನಿವೇಶ ಬರುವಾಗ ಭಾಗವತರು ಒಮ್ಮೆಲೇ ಅಳುವ ರಾಗವನ್ನು ಎತ್ತುವುದಿಲ್ಲ. ಮೊದಲು ಚೆಂಡೆ ನಿಲ್ಲುತ್ತದೆ. ಮದ್ದಳೆಯೊಂದೇ ಉಳಿಯುತ್ತದೆ, ನಡೆ ನಿಧಾನವಾಗುತ್ತದೆ, ಆಮೇಲೆ ಪದ್ಯ. ಆ ಖಾಲಿ ಜಾಗದಲ್ಲೇ ಸಭೆಯ ಮನಸ್ಸು ಹೊರಳುತ್ತದೆ. ಅರ್ಥ ಹೇಳುವವನು ಎದುರಿನವನ ಕೊನೆಯ ಶಬ್ದವನ್ನು ಹಿಡಿದು ಮಾತು ಆರಂಭಿಸಿದರೆ ಸಂಭಾಷಣೆ ಉಳಿಯುತ್ತದೆ, ತಾನು ಮೊದಲೇ ಸಿದ್ಧಪಡಿಸಿ ತಂದದ್ದನ್ನು ಒಪ್ಪಿಸಿದರೆ ಎಷ್ಟೇ ಸೊಗಸಾಗಿದ್ದರೂ ಅಲ್ಲಿಗೆ ಮುರಿಯುತ್ತದೆ. ಧೈರ್ಯದ ಮಾತುಗಳಲ್ಲಿ ಹೆಚ್ಚಿನವು ಹಾಗೆ ಮೊದಲೇ ಸಿದ್ಧಪಡಿಸಿ ತಂದವು.

ತೋಟದ ಮನೆ, ಮುಳ್ಳೇರಿಯ

ಚೆಂಡೆ ನಿಲ್ಲಿಸಿದ ಮಾತು ಚೆನ್ನಾಗಿದೆ. ನನ್ನ ಮೊದಲಿನ ಸಿಟ್ಟಿಗೆ ಕ್ಷಮೆಯಿರಲಿ. ನನಗೂ ಹಸಿಮೆಣಸು ತಾಗಿದರೆ ಇತ್ತೀಚೆಗೆ ಉರಿಯುತ್ತದೆ, ಅದಕ್ಕೇ ಸಿಟ್ಟು ಬಂದಿತೋ ಏನೋ.

ಉಪ್ಪಳದ ದಂತವೈದ್ಯೆ

ತೋಟದ ಮನೆಯವರೇ, ಎಷ್ಟು ದಿನಗಳಿಂದ?

ತೋಟದ ಮನೆ, ಮುಳ್ಳೇರಿಯ

ಚೌತಿಯ ನಂತರ. ಲೆಕ್ಕ ಹಾಕಿಲ್ಲ.

ಉಪ್ಪಳದ ದಂತವೈದ್ಯೆ

ಕನ್ನಡಿಯ ಮುಂದೆ ನಿಂತು, ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಅಡ್ಡವಾಗಿ ಹಿಡಿದು, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟುನೋಡಿ. ಹೆಚ್ಚಿನವರಿಗೆ ಮೂರು ಬೆರಳು ಹಿಡಿಯುತ್ತದೆ. ಎರಡೇ ಹಿಡಿದರೆ ತೋರಿಸಬೇಕು. ಮೂರೂ ಹಿಡಿದರೂ ನಿಮ್ಮ ಉರಿ ಎರಡು ವಾರ ದಾಟಿದ್ದರಿಂದ ನೀವು ತೋರಿಸಬೇಕು. ಯಾವ ದಂತವೈದ್ಯರಾದರೂ ಆಗಬಹುದು, ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಲು ಎರಡು ನಿಮಿಷ ಸಾಕು.

ಅಂಗಳದ ಅಡಕೆ, ಬದಿಯಡ್ಕ

ನಿಮ್ಮೆಲ್ಲರ ಮಾತನ್ನು ಎರಡೆರಡು ಬಾರಿ ಓದಿದೆ. ಎದುರು ಹೋಗುವ ಮೊದಲು ಒಂದು ಸಂದೇಶ ಕಳುಹಿಸೋಣವೆಂದು ಬರೆದಿದ್ದೇನೆ. ತಿದ್ದಿಕೊಡುವಿರಾ?

"ಭಾವ, ಅಂದು ನಾನು ಮಾಡಿದ ತಮಾಷೆಗೆ ದಯವಿಟ್ಟು ಕ್ಷಮಿಸಬೇಕು, ಹತ್ತು ದಿನದಿಂದ ನನಗೆ ನಿದ್ದೆಯಿಲ್ಲ, ನಾನು ದೊಡ್ಡ ಪಾಪಿ. ನಿಮಗೆ ಏನೂ ಆಗಿರಲಾರದು, ಹೆದರಬೇಡಿ. ಆದರೂ ಇಂಥದ್ದನ್ನು ಅಲಕ್ಷ್ಯ ಮಾಡಬಾರದಂತೆ, ನನ್ನ ಗೆಳೆಯನ ತಂದೆಗೆ ಹೀಗೆಯೇ ಆಗಿ ಕೊನೆಗೆ ದವಡೆ ತೆಗೆಯಬೇಕಾಯಿತು. ಕೂಡಲೇ ಅಡಕೆ ಬಿಡಿ, ಕೂಡಲೇ ಮಂಗಳೂರಿಗೆ ಹೋಗಿ ತೋರಿಸಿ."

ಉಪ್ಪಳದ ದಂತವೈದ್ಯೆ

ನಿಮ್ಮ ಪ್ರೀತಿ ಪ್ರತಿ ಸಾಲಿನಲ್ಲೂ ಕಾಣುತ್ತದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಮೊದಲ ವಾಕ್ಯವು ನಿಮ್ಮ ನೋವನ್ನು ಹೇಳುತ್ತದೆ, ಅದನ್ನು ಓದಿದ ಭಾವ ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಎರಡನೆಯದು ಹೆದರಬೇಡಿ ಎನ್ನುತ್ತದೆ, ಮೂರನೆಯದು ದವಡೆ ತೆಗೆದ ಕತೆ ಹೇಳಿ ಹೆದರಿಸುತ್ತದೆ. ಕೊನೆಯದರಲ್ಲಿ ಎರಡು ಅಪ್ಪಣೆಗಳಿವೆ. ಅವರು ಹೇಳಿದ ಮಾತು ಮಾತ್ರ ಇದರಲ್ಲಿ ಎಲ್ಲಿಯೂ ಇಲ್ಲ.

ಹೀಗೆ ಬರೆದರೆ ಹೇಗೆ?

"ಭಾವ, ಬಾಯಿ ತೆರೆಯುವುದಿಲ್ಲ, ಮೂರು ತಿಂಗಳಾಯಿತು ಎಂದು ಅಂದು ನೀವು ಹೇಳಿದಿರಿ. ನಾನು ಅದನ್ನು ತಮಾಷೆಯಲ್ಲಿ ತೇಲಿಸಿಬಿಟ್ಟೆ, ಅದು ತಪ್ಪಾಯಿತು. ಈಗ ಹೇಗಿದೆ? ನಾಳೆ ಸಂಜೆ ನಾನೊಬ್ಬನೇ ಬರಲೇ?"

"ನಾನೊಬ್ಬನೇ" ಎಂಬ ಶಬ್ದವನ್ನು ಬಿಡಬೇಡಿ. ಎದುರು ಕುಳಿತಾಗ ಕ್ಯಾನ್ಸರ್ ಎಂಬ ಶಬ್ದವನ್ನು ನೀವಾಗಿ ಮೊದಲು ಎತ್ತಬೇಡಿ. ಅವರೇ "ಅದಾಗಿರಬಹುದೇ?" ಎಂದು ಕೇಳಿದರೆ ಜಾರಿಕೊಳ್ಳಲೂಬೇಡಿ. "ನನಗೆ ಗೊತ್ತಿಲ್ಲ ಭಾವ, ನೋಡಿದವರೇ ಹೇಳಬೇಕು, ನಾನು ಜೊತೆಗೆ ಬರುತ್ತೇನೆ" ಎನ್ನಿ. ಮೇಷ್ಟ್ರು ಕೇಳಿದ ಧೈರ್ಯ ಅದರಲ್ಲಿದೆ. ಅವರು ಮಾತು ಬದಲಿಸಿದರೆ ಎರಡನೆಯ ಸಲ ಒತ್ತಾಯಿಸದೆ, ಆದರೆ ಮುಂದೆ ಯಾವ ದಿನ ಬರುತ್ತೀರೆಂದು ಹೇಳಿಯೇ ಏಳಿರಿ.

ಎಣ್ಮಕಜೆಯ ಓದುಗ

ಅಕ್ಕನಿಗೆ ಹೇಳುವ ವಿಷಯದಲ್ಲಿ ಒಂದು ಎಚ್ಚರಿಕೆ ಇರಲಿ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದ ಪಂಚಾಯತಿನವನು ನಾನು. ನಮ್ಮ ಊರಿನಲ್ಲಿ ಕಾಯಿಲೆಯೆಂಬುದು ಮನೆಯವರ ಕೈ ತಪ್ಪಿ ಊರವರ ಮಾತಾಯಿತು, ಆಮೇಲೆ ಪೇಪರಿನವರ ಮಾತಾಯಿತು, ಕ್ಯಾಮರಾ ಹಿಡಿದು ಬಂದವರ ಎದುರು ತಾಯಂದಿರು ಒಂದೇ ಸಂಕಟವನ್ನು ನೂರು ಬಾರಿ ಹೇಳಬೇಕಾಯಿತು. ತನ್ನ ದೇಹದ ವಿಷಯವನ್ನು ಯಾರಿಗೆ ಯಾವಾಗ ಹೇಳಬೇಕೆಂಬುದು ಹೇಳುವವನ ಕೈಯಲ್ಲೇ ಉಳಿಯಬೇಕು. ಅಕ್ಕನಿಗೆ ಭಾವನೇ ಹೇಳಲಿ.

ಮಂಜೇಶ್ವರದ ಅಕ್ಕ

ಇದನ್ನು ನಾನು ಪೂರ್ತಿ ಒಪ್ಪಲಾರೆ. ಹೆಂಡತಿಯಿಂದ ಮುಚ್ಚಿಟ್ಟು ಮೈದುನ ಮಾತ್ರ ತಿಳಿದುಕೊಂಡಿದ್ದರೆ ನಾಳೆ ಅಕ್ಕನ ಎದುರು ಇವರು ಹೇಗೆ ಮುಖ ತೋರಿಸುತ್ತಾರೆ? ಗಂಡ ಹೋಳಿಗೆಯನ್ನು ಚೂರು ಮಾಡಿ ತಿನ್ನುವುದನ್ನು ಮೂರು ತಿಂಗಳು ನೋಡಿದವಳಿಗೆ ಏನೂ ತಿಳಿದಿಲ್ಲವೆಂದು ನಾನು ನಂಬುವುದಿಲ್ಲ. ಅವಳೂ ಯಾರಾದರೂ ಕೇಳಲಿ ಎಂದು ಕಾಯುತ್ತಿರಬಹುದು.

ಎಣ್ಮಕಜೆಯ ಓದುಗ

ಕಾಯುತ್ತಿರಬಹುದು ಎಂಬುದು ನಿಮ್ಮ ಊಹೆ. ಊಹೆಯ ಮೇಲೆ ಇನ್ನೊಬ್ಬರ ಗುಟ್ಟನ್ನು ಬಿಡಬಾರದೆಂಬ ಮಾತಿಗೆ ನಾನು ಅಂಟಿಕೊಳ್ಳುತ್ತೇನೆ.

ಅಂಗಳದ ಅಡಕೆ, ಬದಿಯಡ್ಕ

ಎಂಟು ದಿನಗಳ ಮೇಲೆ ಬರೆಯುತ್ತಿದ್ದೇನೆ.

ದಂತವೈದ್ಯೆಯವರು ಬರೆದ ಸಂದೇಶವನ್ನೇ ಕಳುಹಿಸಿದೆ. ಎರಡು ಗಂಟೆ ಉತ್ತರವಿರಲಿಲ್ಲ. ಆಮೇಲೆ "ಬಾ" ಎಂದಷ್ಟೇ ಬಂತು. ನನ್ನನ್ನು ಅವರು ಏಕವಚನದಲ್ಲಿ ಕರೆದದ್ದು ಎಷ್ಟೋ ವರ್ಷಗಳ ಮೇಲೆ.

ಅಡಕೆ ಒಣಗಿಸುವ ಅಂಗಳದ ಬದಿಯ ಕಲ್ಲಿನ ಮೇಲೆ ಕುಳಿತೆವು. ಎಷ್ಟು ತೆರೆಯುತ್ತದೆಂದು ಕೇಳಿದೆ. ಅವರೇ ಬೆರಳಿಟ್ಟು ತೋರಿಸಿದರು, ಎರಡು ಬೆರಳೂ ಬಿಗಿಯಾಗಿ ಹಿಡಿಯುತ್ತದೆ. ಹಲ್ಲುಜ್ಜುವ ಬ್ರಷ್ ಹಿಂದಿನ ಹಲ್ಲುಗಳವರೆಗೆ ಹೋಗುವುದಿಲ್ಲವೆಂದು ಮಕ್ಕಳ ಚಿಕ್ಕ ಬ್ರಷ್ ತಂದಿಟ್ಟುಕೊಂಡಿದ್ದಾರೆ, ಅದನ್ನು ಅಕ್ಕನಿಗೆ ಕಾಣದ ಹಾಗೆ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಇಡುತ್ತಾರೆ. ಇದನ್ನು ಕೇಳುವಾಗ ನನ್ನ ಬಾಯಿಗೆ ಒಂದು ತಮಾಷೆಯೇ ಬಂದಿತ್ತು, ಅಷ್ಟು ಆಳವಾಗಿದೆ ನಮ್ಮ ರೂಢಿ. ನುಂಗಿಕೊಂಡೆ. "ಮತ್ತೆ?" ಎಂದೆ. ಬಲಗೆನ್ನೆಯ ಒಳಗೆ ಒಂದು ಬಿಳಿ ಕಲೆಯೂ ಇದೆಯೆಂದು ಆಗ ಹೇಳಿದರು. ನಾನು ತಮಾಷೆ ಮಾಡಿದ್ದರೆ, ಅಥವಾ ಧೈರ್ಯ ಹೇಳಿದ್ದರೂ, ಆ ಕಲೆಯ ಮಾತು ಹೊರಬರುತ್ತಿರಲಿಲ್ಲವೆಂದು ನನಗೆ ಖಂಡಿತವಾಗಿ ಅನಿಸುತ್ತದೆ.

ಮೊನ್ನೆ ಇಬ್ಬರೂ ಮಂಗಳೂರಿಗೆ ಹೋದೆವು. ಕೆನ್ನೆ ಬಿಗಿದಿರುವುದು ಅಡಕೆಯಿಂದಲೇ ಎಂದರು. ಇನ್ನು ಒಂದು ಹೋಳನ್ನೂ ಬಾಯಿಗೆ ಹಾಕಬಾರದು, ಬಿಗಿದದ್ದು ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆದರೆ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು ಎಂದರು. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸಿ ಹಲ್ಲುಗಳ ನಡುವೆ ಇಟ್ಟು, ಕೆಲವು ದಿನಗಳಿಗೊಮ್ಮೆ ಒಂದೊಂದು ಕಡ್ಡಿ ಹೆಚ್ಚಿಸುವ ವ್ಯಾಯಾಮ ತೋರಿಸಿಕೊಟ್ಟರು. ಬಿಳಿ ಕಲೆಯಿಂದ ಮರಗಟ್ಟಿಸುವ ಸೂಜಿ ಹಾಕಿ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆ, ಫಲಿತಾಂಶಕ್ಕೆ ಒಂದು ವಾರವಾಗುತ್ತದಂತೆ. ಕಾರಿನಲ್ಲಿ ತಲಪಾಡಿ ದಾಟುವಾಗ ಭಾವ ಕಿಟಕಿಯಿಂದ ಹೊರಗೆ ನೋಡುತ್ತಾ, "ನಿನ್ನ ಅಕ್ಕನ ಹರಕೆಗೆ ದೇವರು ಇಷ್ಟು ಬೇಗ ಕಿವಿಗೊಡಬಾರದಿತ್ತು" ಎಂದರು. ನಾನು ನಗಬೇಕೋ ಬೇಡವೋ ತಿಳಿಯದೆ ಸ್ಟೇರಿಂಗ್ ಹಿಡಿದುಕೊಂಡು ಕುಳಿತಿದ್ದೆ.

ಮಂಜೇಶ್ವರದ ಅಕ್ಕ

ನಗಬೇಕಿತ್ತು ತಮ್ಮಾ. ಆ ದಿನ ಬಿದ್ದು ಹೋದ ತಮಾಷೆಯನ್ನು ಅವರೇ ಎತ್ತಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಅಕ್ಕನಿಗೆ?

ಅಂಗಳದ ಅಡಕೆ, ಬದಿಯಡ್ಕ

ಆ ರಾತ್ರಿಯೇ ಅವರು ಹೇಳಿದರು. ನಾನು ಅಲ್ಲಿರಲಿಲ್ಲ. ಚಿಕ್ಕ ಬ್ರಷ್ ಈಗ ಬಚ್ಚಲಮನೆಯ ಗೂಡಿನಲ್ಲಿ ಎಲ್ಲರದರ ಜೊತೆಗೆ ಇದೆಯೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವಳಿಗೆ ಮೊದಲೇ ಗೊತ್ತಿತ್ತೇ ಎಂದು ನಾನು ಕೇಳಲಿಲ್ಲ.

ಪೆರ್ಲದ ಮೇಷ್ಟ್ರು

ಪರೀಕ್ಷೆಯ ಫಲಿತಾಂಶ ಕೆಟ್ಟದಾಗಿ ಬಂದರೆ ಆಗಲೂ "ಗೊತ್ತಿಲ್ಲ" ಎನ್ನುವುದೇ?

ಉಪ್ಪಳದ ದಂತವೈದ್ಯೆ

ಆಗ ಗೊತ್ತಿರುತ್ತದೆಯಲ್ಲ ಮೇಷ್ಟ್ರೇ. ಏನು ಬಂದಿದೆ, ಮುಂದೆ ಏನು ಮಾಡುತ್ತಾರೆ ಎಂಬುದನ್ನು ಹೇಳುವುದು ನೋಡಿದ ವೈದ್ಯರ ಕೆಲಸ. ಆ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕುಳಿತಿದ್ದು, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಬೇಕು, ಏಕೆಂದರೆ ರೋಗಿಗೆ ಮೊದಲ ಶಬ್ದದ ನಂತರದ್ದು ಹೆಚ್ಚಾಗಿ ಕೇಳಿಸಿರುವುದಿಲ್ಲ.

ತೋಟದ ಮನೆ, ಮುಳ್ಳೇರಿಯ

ನನಗೆ ಮೂರು ಬೆರಳು ಹಿಡಿಯುತ್ತದೆ. ಆದರೂ ಸೋಮವಾರ ಹೋಗುತ್ತಿದ್ದೇನೆ.

ಅಂಗಳದ ಅಡಕೆ, ಬದಿಯಡ್ಕ

ನಮಗೆ ಬುಧವಾರ ಹತ್ತೂವರೆಗೆ ಬರಹೇಳಿದ್ದಾರೆ. ಈ ಸಲ ಅಕ್ಕನೂ ಬರುತ್ತಾಳೆ. ಒಂದು ಚಿಕ್ಕ ಪುಸ್ತಕ ಮತ್ತು ಪೆನ್ನನ್ನು ಈಗಲೇ ಕಾರಿನಲ್ಲಿ ಇಟ್ಟಿದ್ದೇನೆ.